ಗಾಜಿನ ಪ್ಯಾಡ್ ಮೇಲೆ ಓಡುವ ಮೌಸ್ ಗಾಜಿನ ಮೇಜಿನ ಮೇಲೆ ಯಾಕೆ ನಿಲ್ಲುತ್ತದೆ?

ಕೆಂಪು ಬೆಳಕಿನ ಹಳೆಯ ಮೌಸ್ ಒಂದನ್ನು ಗಾಜಿನ ಮೇಜಿನ ಮೇಲೆ ಇಡಿ. ಕೋಣೆಯ ದೀಪ ಆರಿಸಿ, ಮೇಜಿನ ಕೆಳಗೆ ಬಗ್ಗಿ ನೋಡಿ. ನೆಲದ ಮೇಲೆ ಮಂಕಾದ ಕೆಂಪು ಮಚ್ಚೆಯೊಂದು ಬಿದ್ದಿರುತ್ತದೆ. ಅದು ಮೌಸ್‌ನ ಸರಿ ಕೆಳಗೆ ಇರುವುದಿಲ್ಲ, ಒಂದು ಕಡೆಗೆ ಸಾಕಷ್ಟು ದೂರ ಸರಿದಿರುತ್ತದೆ. ಮೇಲೆ ಕೈ ಆಡಿಸಿದರೆ ಕೆಳಗೆ ಮಚ್ಚೆ ಚೆನ್ನಾಗಿಯೇ ಓಡಾಡುತ್ತದೆ. ಪರದೆಯ ಮೇಲೆ ಕರ್ಸರ್ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಆ ಬೆಳಕು ನೆಲಕ್ಕೆ ಹೋಗಬೇಕಾದದ್ದಲ್ಲ. ಅದರಲ್ಲಿ ಒಂದು ಪಾಲಾದರೂ ವಾಪಸ್ ಮೌಸ್‌ನ ಕಣ್ಣಿಗೆ ಬರಬೇಕಿತ್ತು. ಬರಲಿಲ್ಲ. ಹಾಗಾಗಿ ಕರ್ಸರ್ ನಿಂತಿದೆ.

ಇದು ಹೊಸ ವಿಷಯವೇನಲ್ಲ. ಗಾಜಿನ ಮೇಲೆ ಮೌಸ್ ನಡೆಯಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಈಚಿನ ಕೆಲವು ವರ್ಷಗಳಲ್ಲಿ ಒಂದು ವಿಚಿತ್ರ ನಡೆದಿದೆ. ಗೇಮ್ ಆಡುವವರು ಬಟ್ಟೆಯ ಪ್ಯಾಡ್ ಬಿಟ್ಟು ಗಾಜಿನ ಪ್ಯಾಡ್ ಕೊಳ್ಳತೊಡಗಿದ್ದಾರೆ. ಮೌಸ್ ಅದರ ಮೇಲೆ ಬೆಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ, ಗುರಿಯೂ ತಪ್ಪುವುದಿಲ್ಲ. ನನ್ನ ಗೆಳೆಯನೊಬ್ಬ ಅಂಥದ್ದೊಂದು ತಂದು, ಗಾಜಿನ ಮೇಜಿನ ಮೇಲೇ ಹಾಸಿಕೊಂಡ. ಪ್ಯಾಡ್ ಮೇಲೆ ಮೌಸ್ ಓಡುತ್ತದೆ. ಅಂಚು ದಾಟಿ ಮೇಜಿಗೆ ಇಳಿದರೆ ಸತ್ತು ಬೀಳುತ್ತದೆ. "ಅಲ್ಲ ಮಾರಾಯಾ, ಇದೂ ಗಾಜು, ಅದೂ ಗಾಜು. ಇದಕ್ಕೇನು ಬಂತು?" ಅಂತ ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ. ತಪ್ಪು ಗಾಜಿನದಲ್ಲ ಅನ್ನುವ ಉತ್ತರವೂ ಅದರೊಳಗೇ ಇದೆ.

ಮೌಸ್ ನೋಡುವುದು ಮೇಜನ್ನಲ್ಲ, ನೆರಳನ್ನು

ಆಪ್ಟಿಕಲ್ ಮೌಸ್ ಅಂದರೆ ಒಂದು ಪುಟ್ಟ ಕ್ಯಾಮೆರಾ. ತನ್ನ ಹೊಟ್ಟೆಯ ಕೆಳಗಿನ ಸುಮಾರು 1 ಮಿಲಿಮೀಟರ್ ಉದ್ದಗಲದ ಜಾಗವನ್ನು ಬಿಟ್ಟೂಬಿಡದೆ ಫೋಟೋ ತೆಗೆಯುತ್ತಲೇ ಇರುತ್ತದೆ. ಹಿಂದೆ ಅಗ್ಗದ ಮೌಸ್‌ಗಳಲ್ಲಿ ಧಾರಾಳವಾಗಿ ಬಳಕೆಯಾದ ADNS-2610 ಎಂಬ ಚಿಪ್ ತೆಗೆದುಕೊಳ್ಳಿ. ಅದರ ಚಿತ್ರದಲ್ಲಿ ಅಡ್ಡಕ್ಕೆ 18, ಉದ್ದಕ್ಕೆ 18, ಒಟ್ಟು 324 ಪಿಕ್ಸೆಲ್ ಅಷ್ಟೇ. ನಮ್ಮ ಫೋನಿನ ಕ್ಯಾಮೆರಾ ಮುಂದೆ ಇದು ಏನೇನೂ ಅಲ್ಲ. ಆದರೆ ಸೆಕೆಂಡಿಗೆ ಇಂಥ 1500 ಚಿತ್ರ ತೆಗೆಯುತ್ತದೆ.

ಪ್ರತಿ ಹೊಸ ಚಿತ್ರವನ್ನೂ ಹಿಂದಿನದರ ಮೇಲಿಟ್ಟು, ಆ ಕಡೆ ಈ ಕಡೆ ಸರಿಸಿ, ಎಲ್ಲಿ ಎರಡೂ ಚೆನ್ನಾಗಿ ಹೊಂದುತ್ತವೆ ಅಂತ ನೋಡುತ್ತದೆ. ಎರಡು ಪಿಕ್ಸೆಲ್ ಬಲಕ್ಕೆ ಸರಿಸಿದಾಗ ಹೊಂದಿತು ಅಂದರೆ ಮೌಸ್ ಅಷ್ಟು ಸರಿದಿದೆ ಅಂತ ಅರ್ಥ. ಅದಕ್ಕೆ ಮೇಜು ಮರದ್ದೋ ಬಟ್ಟೆಯದ್ದೋ ಬೇಕಾಗಿಲ್ಲ. ಚಿತ್ರದಲ್ಲಿ ಒಂದಿಷ್ಟು ಕಪ್ಪು ಬಿಳುಪಿನ ಗುರುತುಗಳು ಇರಬೇಕು, ಮುಂದಿನ ಚಿತ್ರದಲ್ಲಿ ಅವೇ ಗುರುತುಗಳು ಮತ್ತೆ ಸಿಗಬೇಕು. ಅಷ್ಟೇ.

ಈ ಚಿಪ್ ಸೆಕೆಂಡಿಗೆ 12 ಇಂಚು ವೇಗದವರೆಗೆ ಹಿಡಿಯುತ್ತದೆ ಅಂತ ಅದರ ಕೈಪಿಡಿ ಹೇಳುತ್ತದೆ. ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಮೌಸ್ 0.2 ಮಿಲಿಮೀಟರ್ ಸರಿಯುತ್ತದೆ. 1 ಮಿಲಿಮೀಟರ್ ಕಿಟಕಿಯಲ್ಲಿ 0.2 ಹೋದರೆ ಉಳಿದದ್ದು ಎರಡೂ ಚಿತ್ರಕ್ಕೆ ಸೇರಿದ್ದು. ಹೋಲಿಸಲು ಬೇಕಾದಷ್ಟಾಯಿತು. ಈಗಿನ ಗೇಮಿಂಗ್ ಸೆನ್ಸರ್‌ಗಳು ಸೆಕೆಂಡಿಗೆ ಹತ್ತು ಹನ್ನೆರಡು ಸಾವಿರ ಚಿತ್ರ ತೆಗೆಯುವುದೂ ಇದಕ್ಕೇ. ಕೈ ಎಷ್ಟೇ ಜೋರಾಗಿ ಬೀಸಿದರೂ ಪಕ್ಕಪಕ್ಕದ ಚಿತ್ರಗಳಿಗೆ ಸಾಕಷ್ಟು ಜಾಗ ಒಂದೇ ಆಗಿರಲಿ ಅಂತ.

ಹಾಗಾದರೆ ಆ ಗುರುತುಗಳು ಎಲ್ಲಿಂದ ಬರುತ್ತವೆ? ಬಿಳಿ ಕಾಗದದ ಮೇಲೆ ಏನೂ ಬರೆದಿಲ್ಲ, ಆದರೂ ಮೌಸ್ ನಡೆಯುತ್ತದೆ ಅಲ್ವಾ? ಇಲ್ಲಿ ಕೆಲಸ ಮಾಡುವುದು ಬೆಳಕು ಬೀಳುವ ಓರೆ. ಮೌಸ್‌ನ ಎಲ್‌ಇಡಿ ನೇರ ಕೆಳಕ್ಕೆ ಬೆಳಕು ಬಿಡುವುದಿಲ್ಲ. ಸಂಜೆ ಬಿಸಿಲಿನ ಹಾಗೆ ಪಕ್ಕದಿಂದ, ಮೇಲ್ಮೈಗೆ ಒರಗಿಕೊಂಡಂತೆ ಬಿಡುತ್ತದೆ. ಸಂಜೆ ಹೊತ್ತು ಬಯಲಿನ ಸಣ್ಣ ಹೆಂಟೆಯ ನೆರಳೂ ಉದ್ದಕ್ಕೆ ಚಾಚುತ್ತದಲ್ಲ, ಹಾಗೆಯೇ ಇಲ್ಲಿ. ಬೆಳಕು ಮೇಲ್ಮೈಯಿಂದ 20 ಡಿಗ್ರಿ ಎತ್ತರದಲ್ಲಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಕಾಗದದ ನಾರೊಂದು 10 ಮೈಕ್ರಾನ್ ಎದ್ದು ನಿಂತಿದ್ದರೆ ಅದರ ನೆರಳು ಸುಮಾರು 27 ಮೈಕ್ರಾನ್ ಉದ್ದ ಬೀಳುತ್ತದೆ. ಇಂಥ ನೂರಾರು ನಾರುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ನಮ್ಮ ಕಣ್ಣಿಗೆ ಅಪ್ಪಟ ಬಿಳಿ ಹಾಳೆ. ಮೌಸ್‌ಗೆ ಅದು ಬೆಟ್ಟ ಕಣಿವೆ ತುಂಬಿದ ನಾಡು.

ಬಟ್ಟೆಯ ಪ್ಯಾಡ್ ಇನ್ನೂ ಸುಲಭ. ನೂಲು ಮೇಲೆ ಕೆಳಗೆ ಹೆಣೆದುಕೊಂಡಿರುತ್ತದೆ, ಪ್ರತಿ ಎಳೆಗೂ ಒಂದು ಬೆಳಕಿನ ಮಗ್ಗುಲು, ಒಂದು ನೆರಳಿನ ಮಗ್ಗುಲು.

ಮೇಜಿನ ಗಾಜಿನಲ್ಲಿ ಇಲ್ಲದ್ದು ಏನು

ಇವತ್ತು ಕಿಟಕಿಗೂ ಮೇಜಿಗೂ ಬಳಸುವ ಗಾಜು ಹೆಚ್ಚಾಗಿ ತೇಲು ಗಾಜು. ಕರಗಿದ ತವರದ ಕೊಳದ ಮೇಲೆ ಕರಗಿದ ಗಾಜನ್ನು ಹರಿಯಬಿಡುತ್ತಾರೆ. ನೀರಿನ ಮೇಲೆ ಎಣ್ಣೆ ಹರಡಿದಂತೆ ಅದು ಹರಡಿ, ನಿಧಾನಕ್ಕೆ ಗಟ್ಟಿಯಾಗುತ್ತದೆ. ಯಾರೂ ಉಜ್ಜಿ ನುಣುಪು ಮಾಡುವುದಿಲ್ಲ, ತಾನಾಗಿಯೇ ನುಣುಪಾಗುತ್ತದೆ. ಅದರ ಮೇಲಿನ ಏರುತಗ್ಗು ನ್ಯಾನೋಮೀಟರ್ ಲೆಕ್ಕದ್ದು. ಕೆಂಪು ಎಲ್‌ಇಡಿ ಬೆಳಕಿನ ಅಲೆಯ ಉದ್ದ ಸುಮಾರು 640 ನ್ಯಾನೋಮೀಟರ್. ಬೆಳಕಿನ ಅಲೆಗಿಂತ ನೂರಾರು ಪಟ್ಟು ಸಣ್ಣ ಉಬ್ಬಿಗೆ ನೆರಳೂ ಇಲ್ಲ, ಅದು ಬೆಳಕನ್ನು ಚದುರಿಸುವುದೂ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾಗಿ ಓರೆಯಾಗಿ ಬಂದ ಬೆಳಕಿಗೆ ಎರಡೇ ದಾರಿ. ಒಂದು ಪಾಲು ಕನ್ನಡಿಯಿಂದ ಚಿಮ್ಮಿದಂತೆ ಎದುರು ಬದಿಗೆ ಚಿಮ್ಮುತ್ತದೆ. 20 ಡಿಗ್ರಿ ಓರೆಗೆ ಈ ಪಾಲು ಸುಮಾರು ಶೇ. 17. ಉಳಿದ ಶೇ. 83 ಗಾಜಿನೊಳಕ್ಕೆ ಇಳಿಯುತ್ತದೆ, ಅದರಲ್ಲಿ ಬಹುಪಾಲು ಕೆಳಗಿನ ಮೈಯಿಂದ ಹೊರಬಿದ್ದು ನೆಲ ಸೇರುತ್ತದೆ. ನೀವು ಕಂಡ ಕೆಂಪು ಮಚ್ಚೆ ಇದೇ. ಮೌಸ್‌ನ ಲೆನ್ಸ್ ಇರುವುದು ನೇರ ಮೇಲೆ. ಚಿಮ್ಮಿದ್ದು ಎದುರು ಬದಿಗೆ ಹೋಯಿತು, ಒಳಗೆ ಇಳಿದದ್ದು ನೆಲಕ್ಕೆ ಹೋಯಿತು. ನೇರ ಮೇಲಕ್ಕೆ ಬರುವುದು ಚದುರಿದ ಬೆಳಕು ಮಾತ್ರ. ಇಲ್ಲಿ ಚದುರಿಸುವವರೇ ಯಾರೂ ಇಲ್ಲ.

ಸೆನ್ಸರ್ ಕೈಕಟ್ಟಿ ಕೂರುವುದಿಲ್ಲ. ಕತ್ತಲು ಕಂಡ ಕ್ಯಾಮೆರಾ ಏನು ಮಾಡುತ್ತದೋ ಅದನ್ನೇ ಅದೂ ಮಾಡುತ್ತದೆ. ಶಟರ್ ಹೆಚ್ಚು ಹೊತ್ತು ತೆರೆದಿಡುತ್ತದೆ. ಅದರ ಮಿತಿ ಮುಟ್ಟಿದರೂ ಚಿತ್ರ ಕಪ್ಪಾಗಿಯೇ ಇರುತ್ತದೆ. ಆಗ ಚಿತ್ರದಲ್ಲಿ ಉಳಿಯುವುದು ಚಿಪ್‌ನದ್ದೇ ಗದ್ದಲ. ಇಲ್ಲಿಂದ ಮುಂದಿನದ್ದು ನನಗೆ ಬಹಳ ಇಷ್ಟದ ಭಾಗ, ಏಕೆಂದರೆ ಕರ್ಸರ್ ಹೇಗೆ ಕೆಡುತ್ತದೆ ಅನ್ನುವುದರಲ್ಲೇ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ.

ಚಿಪ್‌ನ ಗದ್ದಲದಲ್ಲಿ ಎರಡು ಬಗೆ. ಒಂದು, ಪ್ರತಿ ಪಿಕ್ಸೆಲ್‌ನ ಹುಟ್ಟುಗುಣ. ಕೆಲವು ಪಿಕ್ಸೆಲ್ ಸ್ವಲ್ಪ ಹೊಳಪು, ಕೆಲವು ಸ್ವಲ್ಪ ಮಂಕು. ಈ ವಿನ್ಯಾಸ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಹೋಲಿಸಿ ನೋಡಿದಾಗ ಏನೂ ಸರಿಸದೆ ಇಟ್ಟಾಗಲೇ ಚೆನ್ನಾಗಿ ಹೊಂದುತ್ತದೆ. ಅಂದರೆ ಮೌಸ್ ಕದಲಿಲ್ಲ ಅನ್ನುವ ತೀರ್ಮಾನ ಬರುತ್ತದೆ. ನೀವು ಮೇಜಿನ ಈ ತುದಿಯಿಂದ ಆ ತುದಿಗೆ ಎಳೆದಿದ್ದರೂ ಸೆನ್ಸರ್ ಪ್ರಕಾರ ನೀವು ಕೂತಲ್ಲೇ ಕೂತಿದ್ದೀರಿ. ಎರಡನೆಯದು, ಪ್ರತಿ ಚಿತ್ರಕ್ಕೂ ಬದಲಾಗುವ ಗದ್ದಲ. ಅದರಲ್ಲಿ ಹೊಂದಾಣಿಕೆ ಹುಡುಕಿದರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿ ಸಿಗುತ್ತದೆ, ಮುಂದಿನ ಸಲ ಇನ್ನೆಲ್ಲೋ. ಕೈ ಬಿಟ್ಟರೂ ಕರ್ಸರ್ ತಾನಾಗಿ ನಡುಗುವುದು ಹೀಗೆ.

ಇಂಥ ತಪ್ಪು ತೀರ್ಮಾನ ಹೊರಗೆ ಹೋಗದಿರಲಿ ಅಂತ ಸೆನ್ಸರ್‌ಗಳಲ್ಲಿ ಒಂದು ಅಂಕೆ ಇರುತ್ತದೆ. ಅದರ ಹೆಸರು SQUAL, ಮೇಲ್ಮೈಯ ಗುಣಮಟ್ಟ ಅಂತ ಅರ್ಥ. ಚಿತ್ರದಲ್ಲಿ ಹಿಡಿದುಕೊಳ್ಳಬಹುದಾದ ಗುರುತು ಎಷ್ಟು ಸಿಕ್ಕವು ಅಂತ ಅದು ಹೇಳುತ್ತದೆ. ಬಿಳಿ ಕಾಗದದ ಮೇಲೆ ಜಾಸ್ತಿ ಇರುತ್ತದೆ, ಒರೆಸಿದ ಗಾಜಿನ ಮೇಲೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅದು ತೀರಾ ಇಳಿದಾಗ ಏನೂ ಕದಲಿಲ್ಲ ಅಂತ ವರದಿ ಮಾಡಿ ಸುಮ್ನೆ ಇದ್ದುಬಿಡುವಂತೆ ಮೌಸ್ ತಯಾರಿಸುವವರು ಬರೆದಿಡಬಹುದು. ಕೆಲವು ಮೌಸ್‌ಗಳು ಗಾಜಿನ ಮೇಲೆ ಪೂರ್ತಿ ಸತ್ತಂತೆ ಇದ್ದು, ಇನ್ನು ಕೆಲವು ಹುಚ್ಚು ಹಿಡಿದಂತೆ ಕುಣಿಯುವುದರಲ್ಲಿ ಇಂಥ ಎಚ್ಚರಿಕೆಯ ಪಾಲೂ ಇದೆ.

ಇನ್ನೂ ಒಂದು ತಮಾಷೆ ಇದೆ. ಕದಲಿಕೆ ಕಾಣದಿದ್ದರೆ ಹಲವು ಮೌಸ್‌ಗಳು ವಿದ್ಯುತ್ ಉಳಿಸಲು ನಿದ್ದೆಗೆ ಜಾರುತ್ತವೆ. ಬೆಳಕು ಮಂಕಾಗುತ್ತದೆ ಅಥವಾ ಆಗಾಗ ಮಿಣುಕುತ್ತದೆ. ಮತ್ತೆ ಎಚ್ಚರಾಗಬೇಕಾದರೆ ಕದಲಿಕೆ ಕಾಣಬೇಕು. ಕಾಣಲು ಬೆಳಕು ಬೇಕು. ಗಾಜಿನ ಮೇಲೆ ಈ ಸುತ್ತಿನಿಂದ ಹೊರಬರುವ ದಾರಿಯೇ ಇರುವುದಿಲ್ಲ. ಮೇಜಿನ ಕೆಳಗಿನ ಕೆಂಪು ಮಚ್ಚೆ ಸ್ವಲ್ಪ ಹೊತ್ತಿಗೆ ಮಿಣುಕತೊಡಗಿದರೆ ಆಶ್ಚರ್ಯಪಡಬೇಡಿ.

ಗಾಜಿನ ಕೆಳಗೆ ಕಾಗದ ಇಟ್ಟರೆ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ನೋಡಲೂ ಚೆಂದ, ಮೇಜಿನ ಅಂದವೂ ಕೆಡಲ್ಲ. ಗೆಳೆಯನೂ ಇದನ್ನೇ ಮಾಡಿದ್ದ, ಗಾಜಿನ ಅಡಿಗೆ ಬಿಳಿ ರಟ್ಟು ಅಂಟಿಸಿದ್ದ. ಮೌಸ್ ನಡೆಯಲಿಲ್ಲ. ಹಿಂಬದಿಗೆ ಬಣ್ಣ ಬಳಿದ ಗಾಜಿನ ಮೇಜುಗಳೂ ಹೀಗೇ ಮೋಸ ಮಾಡುತ್ತವೆ. ಕಣ್ಣಿಗೆ ಬಿಳಿ ಮೇಜು, ಮೌಸ್‌ಗೆ ಬರೀ ಗಾಜು.

ಯಾಕೆ ಅಂತ ಅಂಕಿಗಳಲ್ಲೇ ನೋಡೋಣ. ಗೆಳೆಯನ ಮೇಜಿನ ಗಾಜು 8 ಮಿಲಿಮೀಟರ್ ದಪ್ಪ. ಬೆಳಕು ಅದೇ 20 ಡಿಗ್ರಿ ಓರೆಯಲ್ಲಿ ಬಂದು ಗಾಜಿನೊಳಗೆ ಹೊಕ್ಕಾಗ ಬಾಗಿ, ಸ್ವಲ್ಪ ಕಡಿದಾಗಿ ಇಳಿಯುತ್ತದೆ. ನೇರ ಕೆಳಗಿನ ಗೆರೆಯಿಂದ ಸುಮಾರು 39 ಡಿಗ್ರಿ. ಹೀಗೆ 8 ಮಿಲಿಮೀಟರ್ ಇಳಿಯುವ ಹೊತ್ತಿಗೆ ಅದು ಪಕ್ಕಕ್ಕೆ 6.4 ಮಿಲಿಮೀಟರ್ ಸರಿದಿರುತ್ತದೆ. ಲೆನ್ಸ್ ನೋಡುತ್ತಿರುವುದು ನೇರ ಕೆಳಗಿನ 1 ಮಿಲಿಮೀಟರ್ ಜಾಗ. ಬೆಳಕು ಬಿದ್ದದ್ದು ಅಲ್ಲಿಂದ 6 ಮಿಲಿಮೀಟರ್ ಆಚೆ. ಕಣ್ಣು ಒಂದು ಕಡೆ, ಟಾರ್ಚ್ ಇನ್ನೊಂದು ಕಡೆ.

ಹೇಗೋ ಒಂದಿಷ್ಟು ಬೆಳಕು ಚದುರಿ ಆ ಜಾಗಕ್ಕೂ ಬಿತ್ತು ಅಂತಲೇ ಇಟ್ಟುಕೊಳ್ಳೋಣ. ಆಗ ಫೋಕಸ್ ಕೈ ಕೊಡುತ್ತದೆ. ಈ ಬಗೆಯ ಸೆನ್ಸರ್‌ಗಳ ಲೆನ್ಸ್‌ಗೆ ಮೇಲ್ಮೈ 2.4 ಮಿಲಿಮೀಟರ್ ದೂರದಲ್ಲಿರಬೇಕು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಹೆಚ್ಚು ಕಡಿಮೆ ಎಂದರೆ 0.1 ಮಿಲಿಮೀಟರ್ ಆ ಕಡೆ, 0.1 ಈ ಕಡೆ. ಆ ದೂರದಿಂದ ಸರಿದಂತೆ SQUAL ಹೇಗೆ ಕುಸಿಯುತ್ತದೆ ಅನ್ನುವ ನಕ್ಷೆಯನ್ನೂ ಕೈಪಿಡಿಗಳಲ್ಲಿ ಕೊಟ್ಟಿರುತ್ತಾರೆ. ಗಾಜಿನಲ್ಲಿ ವಸ್ತುಗಳು ಇದ್ದದ್ದಕ್ಕಿಂತ ಮೇಲೆ ಕಾಣುತ್ತವೆ, ನೀರಿನ ತಳ ಮೇಲೆ ಬಂದಂತೆ ಕಾಣುವುದಿಲ್ಲವೇ, ಹಾಗೆ. ಆ ರಿಯಾಯಿತಿ ಕೊಟ್ಟರೂ 8 ಮಿಲಿಮೀಟರ್ ಕೆಳಗಿನ ಕಾಗದ 5.3 ಮಿಲಿಮೀಟರ್ ಆಳದಲ್ಲಿ ಕಾಣುತ್ತದೆ. ಲೆನ್ಸ್ ಸಹಿಸುವುದು 0.1, ಇಲ್ಲಿ ತಪ್ಪಿರುವುದು 5.3. ಕಾಗದದ ನಾರುಗಳೆಲ್ಲ ಒಂದರೊಳಗೊಂದು ಕಲಸಿ ಬರೀ ಬೂದು ಬಣ್ಣವಾಗಿಬಿಡುತ್ತವೆ.

ಇದು ಲೆನ್ಸ್‌ನ ದೌರ್ಬಲ್ಯ ಅನ್ನಿಸಬಹುದು. ಸ್ವಲ್ಪ ದೂರದವರೆಗೂ ಕಾಣುವ ಲೆನ್ಸ್ ಹಾಕಿದ್ದರೆ ಆಗುತ್ತಿತ್ತಲ್ಲ? ಆಗುತ್ತಿತ್ತು, ಆದರೆ ಯಾರೂ ಹಾಗೆ ಮಾಡುವುದಿಲ್ಲ. ಏಕೆಂದರೆ ನಾವು ಮೌಸ್ ಎತ್ತುತ್ತೇವೆ. ಜಾಗ ಮುಗಿದಾಗ ಎತ್ತಿ ಹಿಂದಕ್ಕೆ ತಂದು ಇಡುತ್ತೇವೆ. ಆಗ ಕರ್ಸರ್ ಕದಲಬಾರದು. ಹಾಗಾಗಿ ಎತ್ತಿದ ತಕ್ಷಣ ಕುರುಡಾಗುವಂತೆಯೇ ಮೌಸ್ ಮಾಡಿರುತ್ತಾರೆ. ಬೆಳಕಿನ ಓರೆ ಇದಕ್ಕೂ ಒದಗುತ್ತದೆ. ಬರೀ 2 ಮಿಲಿಮೀಟರ್ ಎತ್ತಿದರೆ ಬೆಳಕಿನ ಮಚ್ಚೆ 5.5 ಮಿಲಿಮೀಟರ್ ಆಚೆ ಸರಿದುಹೋಗುತ್ತದೆ. ಗೇಮ್ ಆಡುವವರು ಇನ್ನೂ ಬೇಗ, 1 ಮಿಲಿಮೀಟರ್‌ಗೇ ಕುರುಡಾಗಲಿ ಅಂತ ಕೇಳುತ್ತಾರೆ.

ಈಗ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. 8 ಮಿಲಿಮೀಟರ್ ಗಾಜು ಬೆಳಕನ್ನು 6.4 ಸರಿಸುತ್ತದೆ, 2 ಮಿಲಿಮೀಟರ್ ಎತ್ತಿದರೆ 5.5 ಸರಿಯುತ್ತದೆ. ಗಾಜಿನ ಮೇಜಿನ ಮೇಲಿರುವ ಮೌಸ್‌ಗೂ ಗಾಳಿಯಲ್ಲಿ ಹಿಡಿದ ಮೌಸ್‌ಗೂ ಕಾಣುವ ದೃಶ್ಯದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ಅದು ಕೆಟ್ಟಿಲ್ಲ. ತನ್ನನ್ನು ಎತ್ತಿದ್ದಾರೆ ಅಂದುಕೊಂಡು, ಮಾಡಬೇಕಾದ್ದನ್ನೇ ಮಾಡುತ್ತಿದೆ. ನಾವು ಅದನ್ನು ಮೇಜಿಗೆ ಕುಟ್ಟಿ ಕುಟ್ಟಿ ನೋಡುತ್ತೇವೆ, ಪಾಪ.

2 ಅಥವಾ 3 ಮಿಲಿಮೀಟರ್ ತೆಳು ಗಾಜಿನ ಕೆಳಗೆ ಕಾಗದ ಇಟ್ಟಾಗ ಕೆಲವು ಮೌಸ್ ಅಷ್ಟಿಷ್ಟು ನಡೆಯುವುದುಂಟು. ಸರಿಯುವ ದೂರ ಕಡಿಮೆ, ಫೋಕಸ್ ತಪ್ಪುವುದೂ ಕಡಿಮೆ. ಆದರೆ ಅದನ್ನು ನಂಬಿ ಕೆಲಸಕ್ಕೆ ಕೂರಬೇಡಿ, ಜೋರಾಗಿ ಎಳೆದಾಗ ತಪ್ಪುತ್ತದೆ.

ಪ್ಯಾಡಿನ ಗಾಜು ಮಾಡಿಕೊಂಡದ್ದು

ಗೆಳೆಯನ ಪ್ರಶ್ನೆಗೆ ಬರೋಣ. ಗಾಜಿನ ಪ್ಯಾಡಿನ ಮೇಲೆ ಉಗುರು ಎಳೆದು ನೋಡಿ. ಸಣ್ಣಗೆ ಸರ್ ಅನ್ನುತ್ತದೆ. ಮೇಜಿನ ಮೇಲೆ ಎಳೆದರೆ ಸದ್ದೇ ಬರುವುದಿಲ್ಲ. ಪ್ಯಾಡಿನ ಮೇಲ್ಮೈಯನ್ನು ಬೇಕೆಂದೇ ಒರಟು ಮಾಡಿರುತ್ತಾರೆ. ಆಮ್ಲದಿಂದ ಕೊರೆಯುವುದು ಅದಕ್ಕೆ ಒಂದು ದಾರಿ. ಮೈತುಂಬ ಮೈಕ್ರಾನ್ ಲೆಕ್ಕದ ಕುಳಿ, ಉಬ್ಬು. ಮೌಸ್‌ನ ಕಾಲು ಆ ಉಬ್ಬುಗಳ ತುದಿಯ ಮೇಲಷ್ಟೇ ನಿಲ್ಲುತ್ತದೆ, ಗಾಜು ಗಟ್ಟಿಯಾದ್ದರಿಂದ ಬಟ್ಟೆಯ ಹಾಗೆ ತಗ್ಗುವುದೂ ಇಲ್ಲ. ಅದಕ್ಕೇ ಅಷ್ಟು ಜಾರುತ್ತದೆ. ಬೆಳಕು ಮಾತ್ರ ಪ್ರತಿ ಕುಳಿಗೂ ಬಡಿದು ಎಲ್ಲ ದಿಕ್ಕಿಗೂ ಚದುರುತ್ತದೆ. ಒಂದು ಪಾಲು ನೇರ ಮೇಲಕ್ಕೂ ಬರುತ್ತದೆ. ಸೆನ್ಸರ್‌ಗೆ ಅಷ್ಟು ಸಾಕು.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಮಬ್ಬು ಗಾಜಿನ ಒರಟು ಮೈ ಮೇಲೆ ಒಂದು ಹನಿ ನೀರು ಹಾಕಿ. ಹನಿ ಬಿದ್ದಲ್ಲಿ ಮಬ್ಬು ಹೋಗಿ ಗಾಜು ತಿಳಿಯಾಗುತ್ತದೆ. ನೀರು ಕುಳಿಗಳನ್ನು ತುಂಬಿ ಮೇಲೆ ಸಮತಟ್ಟಾಗುತ್ತದೆ. ಗಾಜಿಗೂ ನೀರಿಗೂ ಬೆಳಕನ್ನು ಬಾಗಿಸುವ ಗುಣದಲ್ಲಿ ಅಂತರ ಕಡಿಮೆ, ಗಾಜು 1.5, ನೀರು 1.33. ಹಾಗಾಗಿ ಕುಳಿಯ ಗೋಡೆ ಬೆಳಕಿಗೆ ಅಷ್ಟಾಗಿ ತಡೆಯಾಗುವುದೇ ಇಲ್ಲ. ಎಣ್ಣೆ ಇನ್ನೂ ಒಳ್ಳೆಯ ಕೆಲಸ ಮಾಡುತ್ತದೆ, ಅದು ಗಾಜಿಗೆ ಇನ್ನೂ ಹತ್ತಿರ.

ಈ ಹನಿಯಲ್ಲಿ ಒಂದು ಒಗಟಿನ ಉತ್ತರವೂ ಇದೆ. ಗಾಜಿನ ಮೇಜನ್ನು ಒರೆಸಿದ ದಿನ ಮೌಸ್ ಪೂರ್ತಿ ನಿಲ್ಲುತ್ತದೆ, ವಾರ ಒರೆಸದೆ ಬಿಟ್ಟರೆ ಅಷ್ಟಿಷ್ಟು ನಡೆಯುತ್ತದೆ. ಗಾಜಿನ ಪ್ಯಾಡ್ ಹಾಗಲ್ಲ. ಕೆಲವು ದಿನ ಬಳಸಿದ ಮೇಲೆ ಎಡವತೊಡಗುತ್ತದೆ, ತೊಳೆದರೆ ಮತ್ತೆ ಸರಿಹೋಗುತ್ತದೆ. ಒಂದಕ್ಕೆ ಕೊಳೆ ಬೇಕು, ಇನ್ನೊಂದಕ್ಕೆ ಬೇಡ. ನುಣುಪು ಮೇಜಿನ ಮೇಲೆ ಧೂಳಿನ ಕಣ, ಬೆರಳಿನ ಜಿಡ್ಡಿನ ಗೆರೆ, ಸಣ್ಣ ಗೀರು ಇವಷ್ಟೇ ಬೆಳಕು ಚದುರಿಸುವವು, ಅವನ್ನು ಒರೆಸಿದರೆ ಸೆನ್ಸರ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಒರಟು ಪ್ಯಾಡಿನ ಮೇಲೆ ಅದೇ ಕೈಯ ಜಿಡ್ಡು ಕುಳಿಗಳನ್ನು ತುಂಬಿ, ಒರಟು ಗಾಜನ್ನು ಮತ್ತೆ ನುಣುಪು ಗಾಜಾಗಿಸುತ್ತದೆ.

ಗಾಜಿನ ಪ್ಯಾಡ್ ಎಲ್ಲ ಮೌಸ್‌ಗೂ ಒಗ್ಗುತ್ತದೆ ಅಂತಲೂ ಅಲ್ಲ. ಒರಟು ತೀರಾ ನಯವಾದರೂ ಕಷ್ಟ. ಸೆನ್ಸರ್‌ನ ಒಂದು ಪಿಕ್ಸೆಲ್ 60 ಮೈಕ್ರಾನ್ ಅಗಲದ ಜಾಗ ನೋಡುತ್ತಿದೆ, ಉಬ್ಬುಗಳು 5 ಮೈಕ್ರಾನ್ ಅಗಲ ಇವೆ ಅಂದುಕೊಳ್ಳಿ. ಆಗ ಒಂದೊಂದು ಪಿಕ್ಸೆಲ್‌ನೊಳಗೆ 144 ಉಬ್ಬು ಸೇರಿಬಿಡುತ್ತವೆ. ಅಷ್ಟೂ ಸೇರಿ ಸರಾಸರಿಯಾದಾಗ ಪಕ್ಕದ ಪಿಕ್ಸೆಲ್‌ಗೂ ಇದಕ್ಕೂ ವ್ಯತ್ಯಾಸ ಕರಗುತ್ತದೆ. ಚಿತ್ರ ಬೆಳ್ಳಗೆ ಇರುತ್ತದೆ, ಗುರುತು ಮಾತ್ರ ಇರುವುದಿಲ್ಲ. ಬೆಳಕಿನ ಕೊರತೆಗಿಂತ ಇದು ಬೇರೆಯೇ ತೊಂದರೆ, ಫಲ ಮಾತ್ರ ಒಂದೇ. ಹೊಸ ಸೆನ್ಸರ್ ಸಲೀಸಾಗಿ ನಡೆಯುವ ಪ್ಯಾಡಿನ ಮೇಲೆ ಹಳೆಯದು ಎಡವಬಹುದು.

ಇನ್ನೊಂದು ತೊಂದರೆ ನಿಧಾನಕ್ಕೆ ಬರುತ್ತದೆ. ಮೌಸ್‌ನ ಕಾಲುಗಳು ನಾನ್‌ಸ್ಟಿಕ್ ಬಾಣಲೆಗೆ ಬಳಿಯುತ್ತಾರಲ್ಲ, ಆ ಜಾತಿಯ ಮೆತ್ತನೆಯ ಪ್ಲಾಸ್ಟಿಕ್. ಒರಟು ಗಾಜು ಅದಕ್ಕೆ ಅರವಿದ್ದಂತೆ. ಕಾಲು ಸವೆದಷ್ಟೂ ಲೆನ್ಸ್ ಕೆಳಗೆ ಬರುತ್ತದೆ. 2.4 ಮಿಲಿಮೀಟರ್‌ಗೆ 0.1 ಅಷ್ಟೇ ವಿನಾಯಿತಿ ಅಂತ ಆಗಲೇ ನೋಡಿದೆವು. ಗಾಜಿನ ಪ್ಯಾಡ್ ಬಳಸುವವರು ಕಾಲುಗಳನ್ನು ಆಗಾಗ ಬದಲಿಸುವುದು ಬರೀ ಜಾರಲಿ ಅಂತಲ್ಲ.

ಇದೆಲ್ಲ ಎಲ್‌ಇಡಿ ಮೌಸ್‌ನ ಮಾತಾಯಿತು. 2004ರಲ್ಲಿ ಲಾಜಿಟೆಕ್ MX1000 ಮಾರುಕಟ್ಟೆಗೆ ಬಂದಾಗ ಲೇಸರ್ ಎಲ್ಲ ಮೇಲ್ಮೈಗೂ ಮದ್ದು ಅಂತ ಅನ್ನಿಸಿತ್ತು. ಹೊಳಪಿನ ಮರ, ಪಾಲಿಶ್ ಮಾಡಿದ ಹಲಗೆಯ ಮೇಲೆ ಲೇಸರ್ ನಿಜಕ್ಕೂ ಮೇಲು. ಆದರೆ ತಿಳಿ ಗಾಜಿನ ಮೇಲೆ ಅದೂ ಸೋಲುತ್ತದೆ. ಒರಟೇ ಇಲ್ಲದ ಕಡೆ ಲೇಸರ್‌ಗೂ ಓದಲು ಏನೂ ಸಿಗುವುದಿಲ್ಲ. 2009ರಲ್ಲಿ ಅದೇ ಕಂಪನಿ ಡಾರ್ಕ್‌ಫೀಲ್ಡ್ ಅನ್ನುವ ತಂತ್ರ ತಂದಿತು. ಸೂಕ್ಷ್ಮದರ್ಶಕದಿಂದ ಕಲಿತ ಉಪಾಯ. ಹಿನ್ನೆಲೆಯನ್ನು ಪೂರ್ತಿ ಕಪ್ಪಾಗಿಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು, ಗೀರುಗಳು ಚದುರಿಸಿದ ಬೆಳಕನ್ನಷ್ಟೇ ನಕ್ಷತ್ರಗಳ ಹಾಗೆ ಹಿಡಿಯುವುದು. ಗಾಜು ಕನಿಷ್ಠ 4 ಮಿಲಿಮೀಟರ್ ದಪ್ಪ ಇರಬೇಕು ಅನ್ನುವ ಷರತ್ತು ಅದಕ್ಕಿದೆ. ಅಂದರೆ ಅಲ್ಲಿಯೂ ಮೌಸ್ ನೋಡುವುದು ಗಾಜನ್ನಲ್ಲ, ಗಾಜಿನ ಮೇಲಿನ ಕೊಳೆಯನ್ನು.

ತಪ್ಪು ಮೇಲ್ಮೈಯದ್ದೇ ಅಂತ ತಿಳಿಯುವುದು ಹೇಗೆ

ಕರ್ಸರ್ ಎಡವಿದ ಮಾತ್ರಕ್ಕೆ ಮೇಜನ್ನು ಬೈಯಬಾರದು. ನಿಸ್ತಂತು ಮೌಸ್‌ನ ರೇಡಿಯೋ ಸಂಪರ್ಕ ತುಂಡಾದರೂ ಹೀಗೇ ಆಗುತ್ತದೆ. ಎರಡನ್ನೂ ಬೇರೆ ಮಾಡಲು ಅದೇ ಜಾಗದಲ್ಲಿ, ಮೌಸ್ ಕೆಳಗೆ ಒಂದು ಬಿಳಿ ಹಾಳೆ ತೂರಿಸಿ. ಸರಿಹೋದರೆ ತಪ್ಪು ಮೇಲ್ಮೈಯದ್ದು. ಹಾಳೆಯ ಮೇಲೂ ಎಡವಿದರೆ ಮೊದಲು ಮೌಸ್ ತಿರುಗಿಸಿ ಲೆನ್ಸಿನ ಕುಳಿ ನೋಡಿ. ಅಲ್ಲೊಂದು ಕೂದಲು ಸಿಕ್ಕಿಕೊಂಡಿದ್ದರೆ ಅದು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಕಂಡು, ಕದಲಿಲ್ಲ ಕದಲಿಲ್ಲ ಅಂತ ಸೆನ್ಸರ್‌ಗೆ ಚಾಡಿ ಹೇಳುತ್ತಿರುತ್ತದೆ. ಕೂದಲೂ ಇಲ್ಲದಿದ್ದರೆ ಆಮೇಲೆ ಬ್ಯಾಟರಿ, ರಿಸೀವರ್ ಕಡೆ ಹೋಗಿ.

ಅಂಕಿ ಬೇಕು ಅನ್ನುವವರು ಲಿನಕ್ಸ್‌ನಲ್ಲಿ ಹೀಗೆ ನೋಡಬಹುದು:

```
sudo evtest
```

ಪಟ್ಟಿಯಲ್ಲಿ ಮೌಸ್ ಆರಿಸಿದ ಮೇಲೆ, ಕದಲಿಸಿದಾಗೆಲ್ಲ ಇಂಥ ಸಾಲುಗಳು ಬರುತ್ತವೆ:

```
type 2 (EV_REL), code 0 (REL_X), value 3
```

ಇದು ಸೆನ್ಸರ್ ಕಳಿಸಿದ ಹಸಿ ಎಣಿಕೆ, ಸೆಟ್ಟಿಂಗ್ಸ್‌ನಲ್ಲಿರುವ ಕರ್ಸರ್ ವೇಗದ ಒಗ್ಗರಣೆ ಇದಕ್ಕೆ ಬಿದ್ದಿರುವುದಿಲ್ಲ. ಅಳತೆ ಪಟ್ಟಿಗೆ ಒರಗಿಸಿ ಮೌಸನ್ನು ನೇರ 10 ಸೆಂಟಿಮೀಟರ್ ಎಳೆಯಿರಿ, REL_X ಸಾಲುಗಳ ಕೊನೆಯ ಅಂಕಿಗಳನ್ನು ಕೂಡಿಸಿ. 800 ಡಿಪಿಐ ಮೌಸ್ ಆದರೆ ಸುಮಾರು 3150 ಬರಬೇಕು. ಹಾಳೆಯ ಮೇಲೆ ನಾಲ್ಕು ಸಲ ಎಳೆದರೆ ನಾಲ್ಕೂ ಹತ್ತಿರಹತ್ತಿರ ಇರುತ್ತವೆ. ಗಾಜಿನ ಮೇಲೆ ಸಾಲುಗಳೇ ಬಾರದಿರಬಹುದು, ಬಂದರೂ ಒಂದು ಸಲಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಮೌಸ್ ಕೈಬಿಟ್ಟು ಕೂತಾಗಲೂ 1, -1 ಅಂತ ಬರುತ್ತಲೇ ಇದ್ದರೆ ಅದು ನಾನು ಮೊದಲು ಹೇಳಿದ ನಡುಕದ ಗದ್ದಲ.

ಡಿಪಿಐ ಏರಿಸಿದರೆ ಸರಿಹೋಗುತ್ತದಾ ಅಂತ ಕೇಳುವವರಿದ್ದಾರೆ. ಇಲ್ಲ. ಕಂಡ ಕದಲಿಕೆಯನ್ನು ಎಷ್ಟು ಸಣ್ಣ ತುಂಡಾಗಿ ಎಣಿಸಬೇಕು ಅನ್ನುವುದಷ್ಟೇ ಡಿಪಿಐ. ಕಾಣದ್ದನ್ನು ಎಣಿಸಲು ಬರುವುದಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಇನ್ನು ನಡುಕ ಇದ್ದರೆ ಅದು ಜಾಸ್ತಿಯಾಗಬಹುದು.

ಗೆಳೆಯನ ಮೇಜಿಗೆ ಕೊನೆಗೆ ಮಾಡಿದ್ದು ಬಹಳ ಸಾದಾ ಕೆಲಸ. ಕಿಟಕಿಗೆ ಅಂಟಿಸುವ ಮಬ್ಬು ಹಾಳೆ ಇರುತ್ತದಲ್ಲ, ಅದರಲ್ಲಿ ಒಂದು ತುಂಡು ಕತ್ತರಿಸಿ ಗಾಜಿನ ಮೇಲ್ಮೈಗೇ ಅಂಟಿಸಿದೆವು. ಕೆಳಗಲ್ಲ. ಕೊಳ್ಳುವಾಗ ಒಂದು ಎಚ್ಚರ ಬೇಕು. ಕೆಲವು ಹಾಳೆಗಳಲ್ಲಿ ಮಬ್ಬು ಅಂಟಿನ ಕಡೆಗಿದ್ದು ಮೇಲ್ಮೈ ನುಣುಪಾಗಿರುತ್ತದೆ. ಹಾಳೆ ತೆಳುವಾದ್ದರಿಂದ ಅದೂ ಒಮ್ಮೊಮ್ಮೆ ನಡೆದೀತು, ಆದರೆ ಒರಟು ಮೇಲಿದ್ದರೆ ಅನುಮಾನವೇ ಇಲ್ಲ. ಉಗುರು ಎಳೆದು ನೋಡಿ, ಸದ್ದು ಬರದಿದ್ದರೆ ಬೇರೆ ತೆಗೆದುಕೊಳ್ಳಿ. ಮೌಸ್ ಈಗ ಅಂಚಿನಿಂದ ಅಂಚಿಗೆ ಓಡುತ್ತಿದೆ. ಮುಂಗೈ ಒರಗುವ ಒಂದು ಮೂಲೆಯಲ್ಲಿ ಮಾತ್ರ ಕೆಲವು ದಿನಕ್ಕೊಮ್ಮೆ ಕರ್ಸರ್ ತೊದಲುತ್ತದೆ. ಆ ಜಾಗವನ್ನು ಓರೆಯಿಂದ ನೋಡಿದರೆ ಸ್ವಲ್ಪ ಹೊಳೆಯುತ್ತಿರುತ್ತದೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಒಣಗಲು ಬಿಟ್ಟರೆ ಮಬ್ಬು ವಾಪಸ್ ಬರುತ್ತದೆ, ಅದರ ಜೊತೆಗೆ ಕರ್ಸರ್ ಕೂಡ.